ಖಾಲಿ ಕೋಶಗಳು, ಹೊರಬಿದ್ದ ಅಂಕಿಗಳು: ಸಂಶೋಧನಾ ವಿದ್ಯಾರ್ಥಿಗೆ ಮಾರ್ಗದರ್ಶಕರ ಉತ್ತರ

ನಿನ್ನ ಪತ್ರವನ್ನು ಓದಿದೆ, ಜೊತೆಗೆ ಕಳುಹಿಸಿದ್ದ ಎಕ್ಸೆಲ್ ಕಡತವನ್ನೂ ತೆರೆದು ನೋಡಿದೆ. ಪಾವಗಡ, ಶಿರಾ, ತಿಪಟೂರು, ತಾಲ್ಲೂಕಿಗೆ 140ರಂತೆ 420 ರೈತ ಕುಟುಂಬಗಳ ಆದಾಯ, ಜಮೀನು, ಸಾಲ ಮತ್ತು ಒತ್ತಡದ ಸಮೀಕ್ಷೆ. ಎಲ್ಲಿ ನೋಡಿದರೂ ಖಾಲಿ ಕೋಶಗಳು, ನಡುನಡುವೆ ನಂಬಲಾಗದಷ್ಟು ದೊಡ್ಡ ಸಂಖ್ಯೆಗಳು. ಒಂದು ಉತ್ತರವಾದರೂ ಖಾಲಿ ಇರುವ ಫಾರಂಗಳನ್ನು ಕೈಬಿಟ್ಟರೆ 187 ಉಳಿಯುತ್ತವೆ, ಔಟ್‌ಲಯರ್‌ ಎಂದು, ಅಂದರೆ ಉಳಿದವುಗಳಿಂದ ತೀರ ದೂರ ಬಿದ್ದವೆಂದು, ಗುರುತಿಸಿದ 47 ಆದಾಯಗಳನ್ನೂ ತೆಗೆದರೆ 151ಕ್ಕೆ ಇಳಿಯುತ್ತದೆ, ಇಲ್ಲವಾದರೆ ಖಾಲಿ ಇರುವಲ್ಲೆಲ್ಲ ಸರಾಸರಿ ತುಂಬಲೇ ಎಂದು ಕೇಳಿದ್ದೀಯ. ಎರಡೂ ಬೇಡ.

ನಿನ್ನ ಹಾಳೆಯಲ್ಲಿ ಕಾಣುವ ಖಾಲಿ ಕೋಶಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಖಾಲಿಯೇ ಅಲ್ಲ, ಅಲ್ಲಿ ಉತ್ತರ ಅಡಗಿ ಕುಳಿತಿದೆ. ದೊಡ್ಡ ಸಂಖ್ಯೆಗಳ ಕಥೆಯೂ ಅದೇ. ಆದ್ದರಿಂದ ಮೊದಲ ಎರಡು ವಾರ ನಿನಗೆ ಬೇಕಾಗುವುದು ಕಾಗದದ ಫಾರಂಗಳ ಕಟ್ಟು, ಒಂದು ನೋಟ್‌ಬುಕ್ ಮತ್ತು ತಾಳ್ಮೆ. ಸಂಖ್ಯಾಶಾಸ್ತ್ರ ಅದಾದ ಮೇಲೆ ಬರುತ್ತದೆ.

ಮೊದಲು ಮೂಲ ಕಡತಕ್ಕೆ ಬೀಗ ಹಾಕು

ಈಗ ಇರುವ ಕಡತವನ್ನು ಹಾಗೆಯೇ ಉಳಿಸಿ, ಹೆಸರಿಗೆ `raw` ಎಂದು ಸೇರಿಸಿ, ಓದಲು ಮಾತ್ರ ಬರುವಂತೆ ಮಾಡಿಡು. ಇನ್ನು ಮುಂದೆ ಅದನ್ನು ಯಾರೂ ಮುಟ್ಟಬಾರದು, ನೀನೂ ಸೇರಿ. ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ. ಪ್ರತಿ ತಿದ್ದುಪಡಿಗೂ ಬೇರೆ ಹಾಳೆಯಲ್ಲಿ ಒಂದು ಸಾಲು ಬರೆ: ಫಾರಂ ಸಂಖ್ಯೆ, ಯಾವ ಪ್ರಶ್ನೆ, ಹಳೆಯ ಬೆಲೆ, ಹೊಸ ಬೆಲೆ, ಕಾರಣ, ದಿನಾಂಕ. ಇದು ಬೇಸರದ ಕೆಲಸ ಎಂದು ನನಗೆ ಗೊತ್ತು. ಆದರೆ ಮೌಖಿಕ ಪರೀಕ್ಷೆಯಲ್ಲಿ "ಫಾರಂ 137ರ ಆದಾಯ ಏಕೆ ಬದಲಾಯಿತು?" ಎಂದು ಯಾರಾದರೂ ಕೇಳಿದರೆ ಆ ಹಾಳೆಯೇ ನಿನ್ನ ಪರವಾಗಿ ಮಾತನಾಡುತ್ತದೆ. ನನ್ನದೇ ಸಂಶೋಧನೆಯ ದಿನಗಳಲ್ಲಿ ಹೀಗೆ ಬರೆದಿಡದೆ ಮೂರು ತಿಂಗಳ ತಿದ್ದುಪಡಿಯನ್ನು ಮತ್ತೆ ಮೊದಲಿನಿಂದ ಮಾಡಿದ್ದೇನೆ.

ಖಾಲಿ ಕೋಶಗಳನ್ನು ಜಾತಿವಾರು ಬೇರ್ಪಡಿಸು

ಮೊದಲಿಗೆ ಖಾಲಿಯಂತೆ ಕಾಣದ ಖಾಲಿಗಳನ್ನು ಹುಡುಕು. ಉತ್ತರ ಸಿಗದಿದ್ದರೆ 99 ಬರೆಯಿರಿ ಎಂದು ಸಮೀಕ್ಷಕರಿಗೆ ಹೇಳಿದ್ದೆ, ನೆನಪಿದೆಯೇ? ವಯಸ್ಸಿನ ಕಾಲಂನಲ್ಲಿ 21 ಜನರ ವಯಸ್ಸು 99 ಎಂದಿದೆ. ಉಳಿದ 399 ಮಂದಿಯ ಸರಾಸರಿ ವಯಸ್ಸು 45. ಈ 21ನ್ನೂ ವಯಸ್ಸೆಂದೇ ನಂಬಿದ ಕಂಪ್ಯೂಟರ್ ಸರಾಸರಿಯನ್ನು 47.7 ಎಂದು ತೋರಿಸುತ್ತಿದೆ. ಆದಾಯದ ಕಾಲಂನಲ್ಲಿ ಇದೇ ಸಂಕೇತ 99999 ಆಗಿ ಒಂಬತ್ತು ಕಡೆ ಕುಳಿತಿದೆ, ಅವೆಲ್ಲವೂ ನಿನ್ನ ಔಟ್‌ಲಯರ್ ಪಟ್ಟಿಗೆ ಸೇರಿಬಿಟ್ಟಿವೆ. ಪ್ರತಿ ಕಾಲಂಗೂ ಆವರ್ತನ ಪಟ್ಟಿ ಹಾಕಿಸಿ ಅದರ ತುದಿಗಳನ್ನು ನೋಡು. 9, 99, 999, -9 ಇವೆಲ್ಲ ಅಲ್ಲೇ ಸಿಗುತ್ತವೆ.

ಇನ್ನು ಸಾಲದ ಮೊತ್ತ. 420ರಲ್ಲಿ 171 ಕಡೆ ಖಾಲಿ, ಅಂದರೆ ಶೇ 41. ಈ ಪ್ರಶ್ನೆಯನ್ನೇ ಪ್ರಬಂಧದಿಂದ ಕೈಬಿಡಬೇಕಾಗುತ್ತದೇನೋ ಎಂದು ನೀನು ಹೆದರಿದ್ದೀಯ. ಹಿಂದಿನ ಪುಟದ ಪ್ರಶ್ನೆ ನೋಡು: "ಈಗ ನಿಮ್ಮ ಕುಟುಂಬಕ್ಕೆ ಸಾಲ ಇದೆಯೇ?" ಖಾಲಿ ಬಿಟ್ಟ 171ರಲ್ಲಿ 132 ಕುಟುಂಬಗಳು ಅಲ್ಲಿ "ಇಲ್ಲ" ಎಂದಿವೆ. ಪ್ರಶ್ನಾವಳಿಯೇ ಅವರನ್ನು ಮುಂದಿನ ಪ್ರಶ್ನೆಗೆ ಕಳುಹಿಸಿದೆ. ಅವರ ಸಾಲದ ಮೊತ್ತ ನಮಗೆ ಗೊತ್ತು, ಅದು ಸೊನ್ನೆ. ಅವರ ಕೋಶಗಳಲ್ಲಿ 0 ಬರೆ. ಆದರೆ ಸಾಲದ ಬಡ್ಡಿದರ ಎಂಬ ಕಾಲಂನಲ್ಲಿ ಅದೇ ಕುಟುಂಬಗಳಿಗೆ 0 ಬರೆಯಬಾರದು. ಸಾಲವೇ ಇಲ್ಲದವರಿಗೆ ಬಡ್ಡಿದರ ಎಂಬುದು ಅನ್ವಯವೇ ಆಗುವುದಿಲ್ಲ, ಅಲ್ಲಿ ಸೊನ್ನೆ ಹಾಕಿದರೆ ಬಡ್ಡಿಯಿಲ್ಲದ ಸಾಲ ಪಡೆದ ಕುಟುಂಬ ಎಂದಾಗುತ್ತದೆ. ಎರಡೂ ಕಾಲಂ ಒಂದೇ ಕಾರಣಕ್ಕೆ ಖಾಲಿಯಾಗಿದ್ದರೂ ಮದ್ದು ಬೇರೆ ಬೇರೆ.

ಉಳಿದದ್ದು 39. ಇವುಗಳ ಎದುರಿಗೆ ಸಮೀಕ್ಷಕರ ಸಂಕೇತ ಇಟ್ಟು ನೋಡಿದೆ. 24 ಫಾರಂಗಳು ಒಬ್ಬರೇ ಸಮೀಕ್ಷಕರವು, ಅದೂ ಶಿರಾದ ಎರಡು ದಿನಗಳ ಕೆಲಸ, ನಾಲ್ಕನೆಯ ಪುಟದ ಎಲ್ಲ ಪ್ರಶ್ನೆಗಳೂ ಖಾಲಿ. ಜೆರಾಕ್ಸ್ ಮಾಡಿಸುವಾಗ ಪುಟ ಬಿಟ್ಟುಹೋಗಿರಬೇಕು, ಫಾರಂ ಬಿಚ್ಚಿ ಎಣಿಸಿದರೆ ಗೊತ್ತಾಗುತ್ತದೆ. ಇಲ್ಲಿ ಕುಟುಂಬದವರು ಉತ್ತರ ನಿರಾಕರಿಸಿಲ್ಲ, ಅವರನ್ನು ಯಾರೂ ಕೇಳಿಯೇ ಇಲ್ಲ. ಒಪ್ಪಿಗೆ ಪತ್ರದಲ್ಲಿ ಮತ್ತೆ ಸಂಪರ್ಕಿಸಲು ಅನುಮತಿ ಕೊಟ್ಟವರಿಗೆ ಫೋನ್ ಮಾಡಿ ಆ ಪುಟದ ಪ್ರಶ್ನೆಗಳನ್ನು ಕೇಳು. ಆ ಸಮೀಕ್ಷಕರ ನೋಟ್‌ಬುಕ್‌ನಿಂದ 17 ಫಾರಂಗಳಿಗೆ ಸಂಪರ್ಕ ಸಿಗುತ್ತದೆ ಎಂದು ನೀನೇ ಬರೆದಿದ್ದೀಯ. ಅಷ್ಟೂ ಸಿಕ್ಕರೆ ಉಳಿಯುವುದು 22, ಶೇ 5ರ ಆಸುಪಾಸು. ಶೇ 41ರಿಂದ ಶೇ 5ಕ್ಕೆ ಇಳಿಯಲು ಒಂದು ಸೂತ್ರವೂ ಬೇಕಾಗಲಿಲ್ಲ. ಫೋನಿನಲ್ಲಿ ಕೇಳುವಾಗ "ಸಮೀಕ್ಷೆಗೆ ಬಂದಿದ್ದ ತಿಂಗಳಲ್ಲಿ" ಎಂದು ಒತ್ತಿ ಹೇಳು, ಇಲ್ಲದಿದ್ದರೆ ಇವತ್ತಿನ ಸಾಲ ಹೇಳುತ್ತಾರೆ.

ಸಮೀಕ್ಷಕರವಾರು ನೋಡುವ ಈ ಅಭ್ಯಾಸ ನಮ್ಮ ದೇಶದಲ್ಲಿ ಹೊಸದೇನಲ್ಲ. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರು ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶದ ಮಾದರಿಯನ್ನು ಹೆಣೆದುಕೊಂಡ ಉಪಮಾದರಿಗಳಾಗಿ ಒಡೆದು ಬೇರೆ ಬೇರೆ ತಂಡಗಳಿಗೆ ಕೊಡುತ್ತಿದ್ದರು. ಎರಡು ತಂಡಗಳ ಅಂಕಿ ತೀರ ಬೇರೆಯಾದರೆ ವ್ಯತ್ಯಾಸ ಹೊಲದಲ್ಲಿಲ್ಲ, ಬರೆದವರಲ್ಲಿದೆ ಎಂದು ತಿಳಿಯುತ್ತಿತ್ತು. ನೀನು ಹಾಗೆ ಹಂಚಿರಲಿಲ್ಲ, ಆದರೂ ಸಮೀಕ್ಷಕರ ಹೆಸರಿನ ಎದುರು ಖಾಲಿ ಕೋಶಗಳ ಪ್ರಮಾಣ, ಸರಾಸರಿ ಆದಾಯ, ಒತ್ತಡದ ಹತ್ತು ಪ್ರಶ್ನೆಗೂ ಒಂದೇ ಉತ್ತರ ಬರೆದ ಫಾರಂಗಳ ಎಣಿಕೆ, ಈ ಮೂರನ್ನು ಇಟ್ಟು ಒಂದು ಪಟ್ಟಿ ಮಾಡು.

ದೊಡ್ಡ ಅಂಕಿಗಳಲ್ಲಿ ಮೊದಲು ಅಳತೆಯನ್ನು ಅನುಮಾನಿಸು

ಔಟ್‌ಲಯರ್‌ಗೆ ಹೋಗುವ ಮೊದಲು ಜಮೀನಿನ ಕಾಲಂ ನೋಡೋಣ. ಅದರಲ್ಲಿ ಒಂದೂ ಔಟ್‌ಲಯರ್ ಇಲ್ಲ ಎಂದು ನೀನು ನೆಮ್ಮದಿಯಾಗಿದ್ದೀಯ. ನನಗೆ ನೆಮ್ಮದಿಯಿಲ್ಲ. 2.2, 3.15, 0.35, 1.3 ಹೀಗೆ ಸಾಗುವ ಆ ಕಾಲಂನಲ್ಲಿ ದಶಮಾಂಶದ ಭಾಗ ಒಂದು ಕಡೆಯೂ .39 ದಾಟಿಲ್ಲ, ಐದಾರು ಕಡೆ ಕಾಣುವ .5 ಒಂದನ್ನು ಬಿಟ್ಟು. ನಿಜವಾದ ದಶಮಾಂಶವಾಗಿದ್ದರೆ .6, .75, .8 ಇವೆಲ್ಲ ಎಲ್ಲಿ ಹೋದವು? ರೈತರು ಪಹಣಿಯಲ್ಲಿರುವಂತೆ ಎಕರೆ-ಗುಂಟೆಯಲ್ಲಿ ಹೇಳಿದ್ದಾರೆ, ಸಮೀಕ್ಷಕರು ಚುಕ್ಕಿ ಇಟ್ಟು ಬರೆದಿದ್ದಾರೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ 2.20 ಎಂದರೆ ಎರಡೂವರೆ ಎಕರೆ, 3.15 ಎಂದರೆ 3.375 ಎಕರೆ. ಇನ್ನು 0.35 ಎಂದರೆ 35 ಗುಂಟೆ, ಅಂದರೆ 0.875 ಎಕರೆ. ನಿನ್ನ ಕಡತದಲ್ಲಿ ಆ ರೈತನಿಗೆ ಅವನ ಜಮೀನಿನ ಶೇ 40 ಮಾತ್ರ ಉಳಿದಿದೆ. ತಪ್ಪು ಎಲ್ಲರಿಗೂ ಸಮನಾಗಿ ಹಂಚಿಹೋಗಿಲ್ಲ, ಜಮೀನು ಚಿಕ್ಕದಾದಷ್ಟೂ ಹೊಡೆತ ದೊಡ್ಡದು. ದೂರ ಬಿದ್ದ ಅಂಕಿಗಳನ್ನು ತೋರಿಸುವ ಯಾವ ಬಾಕ್ಸ್‌ಪ್ಲಾಟ್ ನಕ್ಷೆಯೂ ಇದನ್ನು ಹಿಡಿಯುವುದಿಲ್ಲ.

ಪರಿವರ್ತನೆಗೆ ಹೊಸ ಕಾಲಂ ಮಾಡಿ ಈ ಸೂತ್ರ ಹಾಕು:

```
=INT(C2)+ROUND(MOD(C2,1)*100,0)/40
```

ಒಂದು ತೊಡಕಿದೆ. ಎಕ್ಸೆಲ್ ಕೊನೆಯ ಸೊನ್ನೆಯನ್ನು ನುಂಗುತ್ತದೆ, 2.20 ಎಂದು ಹೊಡೆದರೆ 2.2 ಎಂದು ಇಟ್ಟುಕೊಳ್ಳುತ್ತದೆ. 2.2 ಎಂಬುದು ಎರಡು ಎಕರೆ 20 ಗುಂಟೆಯೋ, ಎರಡು ಎಕರೆ 2 ಗುಂಟೆಯೋ? 1.5 ಎಂಬುದು ಒಂದೂವರೆ ಎಕರೆಯೋ, ಒಂದು ಎಕರೆ 5 ಗುಂಟೆಯೋ? ಚುಕ್ಕಿಯ ಮುಂದೆ ಒಂದೇ ಅಂಕಿ ಇರುವ ಫಾರಂಗಳು 61 ಇವೆ. ಅಷ್ಟನ್ನೂ ಕಾಗದದಲ್ಲಿ ನೋಡಿ ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ ಹೊಸದಾಗಿ ಬರೆದುಬಿಡು. ಅರ್ಧ ದಿನದ ಕೆಲಸ.

ಈಗ ಆದಾಯ. ಸರಾಸರಿಯಿಂದ ಮೂರು ಮಾನಕ ವಿಚಲನೆಗಿಂತ ದೂರ ಇರುವುದನ್ನೆಲ್ಲ ತೆಗೆಯುವ ನಿಯಮವನ್ನು ಮೊದಲು ಪ್ರಯತ್ನಿಸಿದೆ, ಆರು ಮಾತ್ರ ಸಿಕ್ಕವು, ಬಾಕ್ಸ್‌ಪ್ಲಾಟ್ 47 ತೋರಿಸಿತು, ಯಾವುದನ್ನು ನಂಬಲಿ ಎಂದು ಕೇಳಿದ್ದೀಯ. ವ್ಯತ್ಯಾಸಕ್ಕೆ ಕಾರಣ ಹೀಗಿದೆ. ಒಂದು ದೈತ್ಯ ಅಂಕಿ ಸರಾಸರಿಯನ್ನು ತನ್ನ ಕಡೆಗೆ ಎಳೆಯುತ್ತದೆ, ಮಾನಕ ವಿಚಲನೆಯನ್ನು ಅದಕ್ಕಿಂತ ಹೆಚ್ಚು ಉಬ್ಬಿಸುತ್ತದೆ. ಹೀಗೆ ಉಬ್ಬಿದ ಅಳತೆಗೋಲಿನಿಂದ ಅಳೆದರೆ ಉಳಿದ ತಪ್ಪುಗಳೆಲ್ಲ ಸಾಧಾರಣವಾಗಿ ಕಾಣುತ್ತವೆ, ಕೆಲವೊಮ್ಮೆ ಆ ದೈತ್ಯವೂ. ಹತ್ತೇ ಅಂಕಿಗಳಿರುವ ಮಾದರಿಯಲ್ಲಂತೂ ಯಾವ ಅಂಕಿಯೂ ಸರಾಸರಿಯಿಂದ 2.85 ಮಾನಕ ವಿಚಲನೆಗಿಂತ ಆಚೆ ಹೋಗಲು ಗಣಿತವೇ ಬಿಡುವುದಿಲ್ಲ, ಅಲ್ಲಿ ಎಷ್ಟು ಅಸಂಬದ್ಧ ಸಂಖ್ಯೆ ಇದ್ದರೂ ಮೂರರ ನಿಯಮ ಸುಮ್ಮನಿರುತ್ತದೆ. ಬಾಕ್ಸ್‌ಪ್ಲಾಟ್ ದತ್ತಾಂಶವನ್ನು ನಾಲ್ಕು ಸಮಭಾಗ ಮಾಡುವ ಚತುರ್ಥಕಗಳ ಮೇಲೆ ನಿಂತಿದೆ, ತುದಿಯ ಅಂಕಿಗಳು ಅದನ್ನು ಅಲುಗಿಸುವುದಿಲ್ಲ. ಆದರೆ ಅದಕ್ಕೂ ಒಂದು ಮಿತಿ ಇದೆ. ಗಂಟೆಯಾಕಾರದ ಶುದ್ಧ ದತ್ತಾಂಶದಲ್ಲೇ ಶೇ 0.7ರಷ್ಟು ಅಂಕಿಗಳು ಅದು ಹಾಕುವ ಗಡಿಯಿಂದ, ಅಂದರೆ ಬೇಲಿಯಿಂದ, ಹೊರಗೆ ಬೀಳುತ್ತವೆ, ಆದಾಯದಂತೆ ಬಲಕ್ಕೆ ಬಾಲ ಚಾಚಿದ ದತ್ತಾಂಶದಲ್ಲಿ ಇನ್ನೂ ಹೆಚ್ಚು. ಬೇಲಿಯ ಆಚೆ ಬಿದ್ದದ್ದು ಎಂದರೆ "ಹೋಗಿ ನೋಡು" ಎಂದರ್ಥ, ಅಳಿಸು ಎಂದಲ್ಲ.

ಹಾಗಾಗಿ ಆ 47 ಫಾರಂಗಳನ್ನು ಕಟ್ಟಿನಿಂದ ತೆಗೆದು ಮೇಜಿನ ಮೇಲೆ ಹರಡು. ಒಂಬತ್ತು 99999, ಮೇಲೆ ಹೇಳಿದ್ದೇ, ಅವನ್ನು ಖಾಲಿ ಮಾಡು. ನೀನು ಕಳುಹಿಸಿದ ಸ್ಕ್ಯಾನ್ ನೋಡಿ ಇನ್ನು 19ರಲ್ಲಿ ಬರವಣಿಗೆ ಅಥವಾ ಅಳತೆಯ ತಪ್ಪು ಎಂದು ಗುರುತು ಮಾಡಿದ್ದೇನೆ. ಅವುಗಳಲ್ಲಿ ಎರಡು ಬಗೆ ನಿನಗೆ ಮುಂದೆಯೂ ಸಿಗುತ್ತವೆ. ಒಂದು, ಸಮೀಕ್ಷಕರು ನಮ್ಮ ರೂಢಿಯಂತೆ "36000/-" ಎಂದು ಬರೆದದ್ದನ್ನು ಟೈಪ್ ಮಾಡಿದವರು 360001 ಎಂದು ಓದಿದ್ದಾರೆ. ರೂಪಾಯಿಯ ಮೊತ್ತ 1ರಲ್ಲಿ ಮುಗಿದರೆ ಅನುಮಾನ ಪಡು, ತಮ್ಮ ಆದಾಯವನ್ನು ಯಾವ ರೈತರೂ ಒಂದು ರೂಪಾಯಿಯ ಲೆಕ್ಕದಲ್ಲಿ ಹೇಳುವುದಿಲ್ಲ. ಇನ್ನೊಂದು, ತಿಂಗಳ ಆದಾಯ ಕೇಳಿದ ಕಡೆ ವರ್ಷದ ಆದಾಯ ಬರೆದಿರುವುದು. ಬೆಳೆ ಕೊಯ್ಲಾದಾಗ ದುಡ್ಡು ನೋಡುವ ಕುಟುಂಬವನ್ನು ತಿಂಗಳಿಗೆಷ್ಟು ಎಂದು ಕೇಳಿದ್ದು ನಮ್ಮ ಪ್ರಶ್ನಾವಳಿಯ ದೋಷವೇ, ಅದಕ್ಕೆ ಸಹಿ ಹಾಕಿದ ನಾನೂ ಪಾಲುದಾರ.

ತಿಂಗಳು-ವರ್ಷದ ಗೊಂದಲವನ್ನು ಹಿಡಿಯುವುದು ಹೇಗೆ? ಆದಾಯದ ಲಾಗ್ ತೆಗೆದು ನಕ್ಷೆ ಹಾಕು. ಒಂದು ದೊಡ್ಡ ಗುಡ್ಡ, ಅದರ ಬಲಕ್ಕೆ ಸುಮಾರು 12 ಪಟ್ಟು ದೂರದಲ್ಲಿ ಒಂದು ಪುಟ್ಟ ಗುಡ್ಡ ಕಂಡರೆ ಅದೇ ಗುರುತು. ಆಮೇಲೆ ಆ ಕುಟುಂಬದ ತಿಂಗಳ ಖರ್ಚಿನ ಕಾಲಂ ನೋಡು. ತಿಂಗಳಿಗೆ 8,000 ಖರ್ಚು ಮಾಡುವ ಮನೆಯ ಆದಾಯ 1,10,000 ಎಂದಿದ್ದರೆ, 12ರಿಂದ ಭಾಗಿಸಿದಾಗ 9,167 ಬಂದು ಲೆಕ್ಕ ಕೂಡಿಕೊಳ್ಳುತ್ತದೆ. ಆದರೂ ಅಂಕಿ ಕೂಡಿಬಂತು ಎಂಬ ಒಂದೇ ಕಾರಣಕ್ಕೆ ಭಾಗಿಸಬೇಡ. ಫಾರಂನ ಅಂಚಿನಲ್ಲಿ "ವರ್ಷಕ್ಕೆ" ಎಂದು ಬರೆದಿರಬೇಕು, ಅಥವಾ ಫೋನಿನಲ್ಲಿ ಅವರೇ ಹೇಳಬೇಕು. ಎರಡೂ ಇಲ್ಲದಿದ್ದರೆ ಅದು ಅನುಮಾನದ ಗುಂಪಿಗೆ ಸೇರುತ್ತದೆ.

ಈಗ ಉಳಿದವು 19. ಅವುಗಳಲ್ಲಿ 14 ತಿಪಟೂರಿನವು, ಎಲ್ಲವೂ ನೀರಾವರಿ ಇರುವ ತೆಂಗಿನ ತೋಟದ ಕುಟುಂಬಗಳು. ಪಾವಗಡದ ಮಳೆಯಾಶ್ರಿತ ಕಡಲೆಕಾಯಿ ಹೊಲದ ಪಕ್ಕದಲ್ಲಿ ನಿಲ್ಲಿಸಿದರೆ ಅವರು ಔಟ್‌ಲಯರ್. ತಿಪಟೂರಿನ 140 ಕುಟುಂಬಗಳಿಗೆ ಮಾತ್ರ ಬಾಕ್ಸ್‌ಪ್ಲಾಟ್ ಹಾಕಿದರೆ 14ರಲ್ಲಿ 11 ಬೇಲಿಯೊಳಗೇ ಬರುತ್ತವೆ, ಉಳಿದ ಮೂರು ಅಂಚಿನಲ್ಲಿವೆ. ಇವನ್ನು ತೆಗೆದರೆ ನಿನ್ನ ಪ್ರಬಂಧ ತೋಟದ ರೈತರಿಲ್ಲದ ತಿಪಟೂರನ್ನು ವರ್ಣಿಸುತ್ತದೆ. ಆದ್ದರಿಂದ ಇವು ಇರುತ್ತವೆ. ಕೊನೆಯ ಐದರ ಬಗ್ಗೆ ನನಗೂ ತೀರ್ಮಾನವಿಲ್ಲ.

ನಿಯಮವನ್ನು ಹೀಗೆ ಇಟ್ಟುಕೋ. ತಪ್ಪು ಎಂದು ಸಾಕ್ಷ್ಯ ಸಿಕ್ಕಿ ಸರಿಯಾದ ಬೆಲೆಯೂ ಗೊತ್ತಾದರೆ ತಿದ್ದು. ಅಸಾಧ್ಯವೆಂದು ಖಚಿತವಾಗಿ, ಸರಿಯಾದ ಬೆಲೆ ಮಾತ್ರ ಸಿಗದಿದ್ದರೆ ಆ ಕೋಶವೊಂದನ್ನೇ ಖಾಲಿ ಮಾಡು, ಇಡೀ ಫಾರಂ ಎಸೆಯಬೇಡ. ಅಪರೂಪ ಆದರೆ ಸಾಧ್ಯ ಎನ್ನುವಂಥದ್ದನ್ನು ಇಟ್ಟುಕೊಂಡು, ಕೊನೆಯಲ್ಲಿ ಅದು ಇದ್ದಾಗಲೂ ಇಲ್ಲದಾಗಲೂ ಫಲಿತಾಂಶ ನೋಡು.

ಒತ್ತಡದ ಹತ್ತು ಪ್ರಶ್ನೆಗಳು

ಇದು ಬೇಗ ಮುಗಿಯುತ್ತದೆ. ಉತ್ತರಗಳು 1ರಿಂದ 5ರವರೆಗೆ ಇರುವುದರಿಂದ, ಮೊದಲು ತಿರುಗುಮುರುಗಾದ, ಅಂದರೆ ಹೆಚ್ಚು ಅಂಕಕ್ಕೆ ಕಡಿಮೆ ಒತ್ತಡ ಎಂದಾಗುವ ಮೂರು ಪ್ರಶ್ನೆಗಳ ಉತ್ತರವನ್ನು 6ರಿಂದ ಕಳೆದು ನೇರ ಮಾಡು. ಖಾಲಿ ಬಿಟ್ಟ ಪ್ರಶ್ನೆಯನ್ನು ಸೊನ್ನೆಯಾಗಿ ಕೂಡಿಸಬಾರದು, ಹಾಗೆ ಮಾಡಿದರೆ ಉತ್ತರ ಕೊಡದವರೆಲ್ಲ ನೆಮ್ಮದಿಯ ಜನರಂತೆ ಕಾಣುತ್ತಾರೆ.

ಏಳನೆಯ ಪ್ರಶ್ನೆ ಮಾತ್ರ ಗಮನಿಸು: "ಸಾಲ ಕೊಟ್ಟವರು ಮನೆಗೆ ಬಂದಾಗ ಅಳುಕಾಗುತ್ತದೆ." ಇದು 96 ಕಡೆ ಖಾಲಿ, ಅದರಲ್ಲಿ 88 ಕುಟುಂಬಗಳಿಗೆ ಸಾಲವೇ ಇಲ್ಲ. ಅವರು ಬಿಟ್ಟದ್ದು ಸರಿಯೇ. ಉಳಿದ ಒಂಬತ್ತು ಪ್ರಶ್ನೆಗಳ ಸರಾಸರಿಯನ್ನು ಅಲ್ಲಿ ತುಂಬಿದರೆ, ಸಾಲ ಕೊಟ್ಟವರೇ ಇಲ್ಲದಿದ್ದರೂ ಇವರು ಅವರಿಗೆ ಹೆದರುತ್ತಾರೆ ಎಂದು ನಾವೇ ಹೇಳಿದಂತಾಗುತ್ತದೆ. ಈ ಪ್ರಶ್ನೆಯನ್ನು ಎಲ್ಲ 420 ಮಂದಿಗೂ ಬಿಟ್ಟು ಒಂಬತ್ತು ಪ್ರಶ್ನೆಗಳ ಅಳತೆ ಮಾಡಿಕೋ. ಒಂಬತ್ತರಲ್ಲಿ ಕನಿಷ್ಠ ಏಳಕ್ಕೆ ಉತ್ತರಿಸಿದವರಿಗೆ ಅವರವರ ಉತ್ತರಗಳ ಸರಾಸರಿಯೇ ಒತ್ತಡದ ಅಂಕ, ಅದಕ್ಕಿಂತ ಕಡಿಮೆ ಉತ್ತರಿಸಿದವರ ಅಂಕ ಖಾಲಿ. ಎಸ್‌ಪಿಎಸ್‌ಎಸ್‌ನಲ್ಲಿ ಇದಕ್ಕೆ ಎರಡೇ ಸಾಲು ಸಾಕು:

```
COMPUTE stress = MEAN.7(q1 TO q6, q8 TO q10).
EXECUTE.
```

ನಿಜವಾಗಿಯೂ ಖಾಲಿ ಇರುವ ಆದಾಯ

ಇಷ್ಟೆಲ್ಲ ಆದ ಮೇಲೂ 68 ಕುಟುಂಬಗಳ ಆದಾಯ ಖಾಲಿ ಉಳಿಯುತ್ತದೆ, ಶೇ 16. ಇಲ್ಲಿಂದ ಸಂಖ್ಯಾಶಾಸ್ತ್ರ ಬೇಕು. ಮೊದಲ ಪ್ರಶ್ನೆ: ಯಾರು ಹೇಳಲಿಲ್ಲ? ಪರಿವರ್ತಿಸಿದ ಜಮೀನಿನ ಕಾಲಂ ಎದುರಿಗಿಟ್ಟು ಎಣಿಸಿದೆ. ಎರಡೂವರೆ ಎಕರೆಗಿಂತ ಕಡಿಮೆ ಇರುವ 190 ಕುಟುಂಬಗಳಲ್ಲಿ 15 ಖಾಲಿ, ಶೇ 8. ಎರಡೂವರೆಯಿಂದ ಐದು ಎಕರೆಯ 130ರಲ್ಲಿ 19, ಶೇ 15. ಐದಕ್ಕಿಂತ ಹೆಚ್ಚಿನ 100ರಲ್ಲಿ 34, ಶೇ 34. ಜಮೀನು ಹೆಚ್ಚಿದಂತೆ ಬಾಯಿ ಬಿಗಿಯಾಗಿದೆ. ಸರ್ಕಾರದ ಸೌಲಭ್ಯ ಕೈತಪ್ಪೀತು ಎಂಬ ಅಂಜಿಕೆ ಇರಬಹುದು, ಅಪರಿಚಿತರಿಗೆ ಏಕೆ ಹೇಳಬೇಕು ಎಂಬ ಸಹಜ ಹಿಂಜರಿಕೆಯೂ ಇರಬಹುದು. ಖಾಲಿ ಇರುವವರನ್ನು ಕೈಬಿಟ್ಟರೆ ದೊಡ್ಡ ಹಿಡುವಳಿದಾರರಲ್ಲಿ ಮೂರನೆಯ ಒಂದು ಭಾಗ ಮಾಯವಾಗುವುದು ಹೀಗೆ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಖಾಲಿಗಳನ್ನು ಮೂರಾಗಿ ವಿಂಗಡಿಸಿದರು. ಒಂದು, ಗೊತ್ತುಗುರಿಯಿಲ್ಲದೆ ಆದ ಖಾಲಿ. ಜೆರಾಕ್ಸ್‌ನಲ್ಲಿ ಬಿಟ್ಟುಹೋದ ಪುಟ ಇದಕ್ಕೆ ಹತ್ತಿರ. ಎರಡು, ಕಾರಣ ನಮ್ಮ ಇತರ ಕಾಲಂಗಳಲ್ಲಿ ಸಿಗುವ ಖಾಲಿ. ಜಮೀನಿನ ಪ್ರಕಾರ ಬದಲಾಗುವ ಈ ಆದಾಯದಂತೆ. ಮೂರು, ಹೇಳದೆ ಉಳಿದ ಉತ್ತರವೇ ಕಾರಣವಾದ ಖಾಲಿ. ಒಂದೇ ಅಳತೆಯ ಜಮೀನಿರುವ ಇಬ್ಬರಲ್ಲಿ ಹೆಚ್ಚು ಗಳಿಸುವವನೇ ಸುಮ್ಮನಿದ್ದರೆ ಅದು ಈ ಬಗೆ. ಖಾಲಿಗಳು ಮೊದಲನೆಯ ಬಗೆಯವೇ ಎಂದು ನೋಡುವ ಲಿಟಲ್ ಅವರ ಪರೀಕ್ಷೆಯನ್ನು ನೀನು ಮಾಡಿ p ಬೆಲೆ 0.08 ಬಂತು, ಆದ್ದರಿಂದ ಎಲ್ಲವೂ ಮೊದಲನೆಯ ಬಗೆ ಎಂದು ಬರೆದಿದ್ದೀಯ. ಆ ಪರೀಕ್ಷೆಗೆ ನೀನು ಕೊಟ್ಟದ್ದು ತಿದ್ದದ ಕಡತ, ಜಮೀನಿನ ಕಾಲಂ ತಪ್ಪು, ಸಾಲದ 132 ಸುಳ್ಳು ಖಾಲಿಗಳೂ ಒಳಗಿದ್ದವು. ತಿದ್ದಿದ ಕಡತದಲ್ಲಿ ಅದೇ ಬೆಲೆ ಬಂದರೂ ಅದು ಗೊತ್ತುಗುರಿಯಿಲ್ಲ ಎಂಬುದಕ್ಕೆ ಪುರಾವೆಯಾಗುವುದಿಲ್ಲ, ವಿರುದ್ಧ ಪುರಾವೆ ಸಾಲಲಿಲ್ಲ ಎಂದಷ್ಟೇ ಅರ್ಥ. ಎರಡನೆಯ ಮತ್ತು ಮೂರನೆಯ ಬಗೆಗಳನ್ನು ಬೇರೆ ಮಾಡಿ ತೋರಿಸುವ ಪರೀಕ್ಷೆಯಂತೂ ದತ್ತಾಂಶದೊಳಗೆ ಇರಲು ಸಾಧ್ಯವಿಲ್ಲ, ಬೇಕಾದ ಅಂಕಿಯೇ ನಮ್ಮ ಬಳಿ ಇಲ್ಲವಲ್ಲ.

ಸರಾಸರಿ ತುಂಬುವುದು ಏಕೆ ಬೇಡ ಎಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ. ಐದು ಕುಟುಂಬಗಳ ವರ್ಷದ ಆದಾಯ ಸಾವಿರಗಳಲ್ಲಿ 60, 80, 100, 120, 140 ಎಂದಿರಲಿ. ಸರಾಸರಿ 100, ಮಾನಕ ವಿಚಲನೆ 31.6. ಉತ್ತರ ಕೊಡದ ಇನ್ನೆರಡು ಕುಟುಂಬಗಳಿಗೆ 100 ತುಂಬಿದರೆ ಸರಾಸರಿ ಅಲ್ಲೇ ಇರುತ್ತದೆ, ಮಾನಕ ವಿಚಲನೆ 25.8ಕ್ಕೆ ಕುಸಿಯುತ್ತದೆ, ಸರಾಸರಿಯ ಮಾನಕ ದೋಷ 14.1ರಿಂದ 9.8ಕ್ಕೆ. ಯಾರನ್ನೂ ಹೊಸದಾಗಿ ಮಾತನಾಡಿಸದೆಯೇ ನಮ್ಮ ಖಚಿತತೆ ಹೆಚ್ಚಿತು! ಅಲ್ಲದೆ ಐದು ಎಕರೆ ತೋಟದವರಿಗೂ ಒಂದು ಎಕರೆ ಹೊಲದವರಿಗೂ ಒಂದೇ ಆದಾಯ ಬರೆದಾಗ, ನೀನು ಅಳೆಯಲು ಹೊರಟ ಸಂಬಂಧವೇ ಮಸುಕಾಗುತ್ತದೆ.

ಬದಲಿಗೆ ಮಲ್ಟಿಪಲ್ ಇಂಪ್ಯುಟೇಶನ್ ಮಾಡು, ಅಂದರೆ ಹಲವು ಬಾರಿ ತುಂಬುವುದು. ಜಮೀನು, ತಾಲ್ಲೂಕು, ಸಾಲ, ಒತ್ತಡ ಎಲ್ಲದರಲ್ಲೂ ಹೋಲುವ, ಆದಾಯ ಹೇಳಿದ ಕೆಲವು ಕುಟುಂಬಗಳನ್ನು ಪ್ರೋಗ್ರಾಂ ಹುಡುಕಿ, ಅವುಗಳಲ್ಲಿ ಒಂದರ ನಿಜವಾದ ಆದಾಯವನ್ನು ಎರವಲು ತಂದು ಖಾಲಿ ಕೋಶದಲ್ಲಿ ಇಡುತ್ತದೆ. ಹೀಗೆ ಎರವಲು ತರುವ ಪದ್ಧತಿಯಿಂದ ಋಣ ಆದಾಯದಂಥ ಅಸಂಬದ್ಧ ಬೆಲೆ ಬರುವುದಿಲ್ಲ. ಇದನ್ನು ಇಪ್ಪತ್ತು ಸಲ ಮಾಡಿದರೆ ಇಪ್ಪತ್ತು ಪೂರ್ಣ ಕಡತಗಳು, ಪ್ರತಿಯೊಂದರಲ್ಲೂ ಆ 68 ಬೆಲೆಗಳು ತುಸು ಬೇರೆ. ಪ್ರತಿ ಕಡತದಲ್ಲೂ ಒತ್ತಡಕ್ಕೂ ಆದಾಯಕ್ಕೂ ಇರುವ ಸಂಬಂಧ ಅಳೆಯುವ ರಿಗ್ರೆಶನ್ ನಡೆಸಿ ಫಲಿತಾಂಶ ಒಟ್ಟುಗೂಡಿಸುತ್ತೇವೆ. ಕಡತಗಳ ನಡುವಿನ ವ್ಯತ್ಯಾಸವೇ ನಮ್ಮ ಅಜ್ಞಾನದ ಅಳತೆ, ಅದು ಒಟ್ಟು ದೋಷಕ್ಕೆ ಸೇರುತ್ತದೆ:

```
T = W + (1 + 1/m) B
```

ಇಲ್ಲಿ `T` ಎಂದರೆ ಒಟ್ಟು ಮಾನಕ ದೋಷದ ವರ್ಗ, `W` ಎಂದರೆ ಕಡತದೊಳಗಿನ ಮಾನಕ ದೋಷಗಳ ವರ್ಗಗಳ ಸರಾಸರಿ, `B` ಎಂದರೆ ಕಡತಗಳ ನಡುವೆ ಗುಣಾಂಕದ ಮಾನಕ ವಿಚಲನೆಯ ವರ್ಗ, `m` ಎಂದರೆ ಕಡತಗಳ ಸಂಖ್ಯೆ. ಇಪ್ಪತ್ತೇ ಏಕೆ? ಒಂದಾದರೂ ಖಾಲಿ ಉಳಿದ ಫಾರಂಗಳು ಈಗ 84, ಶೇ 20. ಆ ಶೇಕಡಾವಾರಿಗೆ ಕಡಿಮೆಯಿಲ್ಲದಷ್ಟು ಕಡತ ಎಂಬುದು ಬಳಕೆಯಲ್ಲಿರುವ ಒಂದು ಅಂದಾಜು. ಎಸ್‌ಪಿಎಸ್‌ಎಸ್‌ನಲ್ಲಿ ಮಾಡುವುದಾದರೆ `Analyze` ಅಡಿಯ `Multiple Imputation`ನಲ್ಲಿ ತಾನಾಗಿ 5 ಇರುತ್ತದೆ, ಬದಲಿಸು. ಆರ್‌ನಲ್ಲಿ ಇಷ್ಟು ಸಾಕು:

```r
library(mice)
imp <- mice(d, m = 20, method = "pmm", seed = 420)
fit <- with(imp, lm(stress ~ log_income + land + loan + taluk))
summary(pool(fit))
```

`d`ಯಲ್ಲಿ ಫಾರಂ ಸಂಖ್ಯೆ ಇರಬಾರದು, ಇದ್ದರೆ ಅದನ್ನೂ ಒಂದು ಗುಣವೆಂದು ಪ್ರೋಗ್ರಾಂ ಬಳಸುತ್ತದೆ. ಆದಾಯದ ಲಾಗ್ ಮಾತ್ರ ಇರಲಿ, ಮೂಲ ಆದಾಯ ಬೇಡ. ಒತ್ತಡದ ಅಂಕ ಒಳಗೆ ಇರಲೇಬೇಕು. ಫಲಿತಾಂಶವನ್ನೇ ಬಳಸಿ ತುಂಬುವುದು ಮೋಸವಲ್ಲವೇ ಎಂದು ನಿನಗೆ ಅನ್ನಿಸಬಹುದು. ಅದನ್ನು ಹೊರಗಿಟ್ಟರೆ ತುಂಬಿದ ಆದಾಯಕ್ಕೂ ಒತ್ತಡಕ್ಕೂ ಸಂಬಂಧವೇ ಇಲ್ಲವೆಂದು ನಾವು ಮೊದಲೇ ತೀರ್ಮಾನಿಸಿದಂತೆ, ಗುಣಾಂಕ ಸೊನ್ನೆಯ ಕಡೆಗೆ ಜಾರುತ್ತದೆ.

ತುಂಬಿದ ಮೇಲೆ ನಂಬುವ ಮೊದಲು ಎರಡು ಪರೀಕ್ಷೆ. `densityplot(imp)` ಹಾಕಿ ನೋಡು. ತುಂಬಿದ ಆದಾಯಗಳು ಸ್ವಲ್ಪ ಬಲಕ್ಕೆ ಇರಬೇಕು, ಹೇಳದವರಲ್ಲಿ ದೊಡ್ಡ ಹಿಡುವಳಿಯವರು ಹೆಚ್ಚು ತಾನೆ? ಎರಡನೆಯದು ಸಾಲ. ಮೊತ್ತ ಹೇಳದ 22 ಕುಟುಂಬಗಳೂ "ಸಾಲ ಇದೆ" ಎಂದಿವೆ. ಸಾಲ ಇದೆಯೇ ಎಂಬ ಕಾಲಂ ಒಳಗಿಲ್ಲದಿದ್ದರೆ ಪ್ರೋಗ್ರಾಂ ಸಾಲವಿಲ್ಲದ ನೆರೆಯವರಿಂದ 0 ಎರವಲು ತಂದುಬಿಡುತ್ತದೆ. ಆ ಕಾಲಂ ಸೇರಿಸಿದ ಮೇಲೂ ಒಂದೆರಡು ಕಡೆ ಸೊನ್ನೆ ನುಸುಳಬಹುದು. ಹಾಗಾದರೆ ಸಾಲವಿರುವ ಕುಟುಂಬಗಳಿಗೆ ಮಾತ್ರ ಮೊತ್ತವನ್ನು ಬೇರೆಯಾಗಿ ತುಂಬಬೇಕಾಗುತ್ತದೆ.

ಎಷ್ಟು ನಂಬಬಹುದು ಎಂದು ಅಳೆ

ಮೂರನೆಯ ಬಗೆಯ ಅನುಮಾನ ಹಾಗೇ ಉಳಿದಿದೆಯಲ್ಲ, ಅದಕ್ಕೆ ಉತ್ತರ ಹೀಗೆ. ತುಂಬಿದ ಆದಾಯಗಳನ್ನೆಲ್ಲ 1.2ರಿಂದ ಗುಣಿಸಿ ರಿಗ್ರೆಶನ್ ಮತ್ತೆ ನಡೆಸು, ಆಮೇಲೆ 1.5ರಿಂದ. ಲಾಗ್ ಬಳಸುತ್ತಿರುವುದರಿಂದ ಇದು ಲಾಗ್ 1.2 ಅಥವಾ ಲಾಗ್ 1.5 ಕೂಡಿಸಿದಷ್ಟೇ. ಹೇಳದವರು ತಮ್ಮನ್ನೇ ಹೋಲುವ, ಆದಾಯ ಹೇಳಿದವರಿಗಿಂತ ಶೇ 50 ಹೆಚ್ಚು ಗಳಿಸುತ್ತಾರೆ ಎಂದುಕೊಂಡರೂ ನಿನ್ನ ತೀರ್ಮಾನ ನಿಲ್ಲುತ್ತದೆಯೇ, ಇಲ್ಲವೇ ಎಂದು ಓದುಗನೇ ನೋಡಲಿ.

ಫೋನ್ ಉತ್ತರಗಳನ್ನು ಕಾಯದೆ ನಾನು ಕಚ್ಚಾ ಆಗಿ ಒಮ್ಮೆ ನಡೆಸಿ ನೋಡಿದೆ. ಪೂರ್ಣ ಫಾರಂಗಳಿಂದ ಮಾತ್ರ ಆದಾಯದ ಗುಣಾಂಕ −0.31, ತುಂಬಿದ ಕಡತಗಳಿಂದ −0.24, 1.5ರ ಗುಣಾಕಾರದಲ್ಲಿ −0.21. ದಿಕ್ಕು ಒಂದೇ, ಬಲ ಕಡಿಮೆ. ಈ ಸಂಖ್ಯೆಗಳನ್ನು ನೀನು ಉಪಯೋಗಿಸಬೇಡ, ನಿನ್ನ ತಿದ್ದಿದ ಕಡತದಿಂದ ಬಂದದ್ದೇ ಬರೆ. ಅನುಮಾನದ ಐದು ಫಾರಂಗಳನ್ನು ಇಟ್ಟು ಒಮ್ಮೆ, ತೆಗೆದು ಒಮ್ಮೆ ನಡೆಸುವುದೂ ಇದೇ ಹಂತದಲ್ಲಿ. ಯಾವ ಕುಟುಂಬ ರೇಖೆಯನ್ನು ಒಂಟಿಯಾಗಿ ಎಳೆಯುತ್ತಿದೆ ಎಂದು ತಿಳಿಯಲು ಕುಕ್ ಅವರ ದೂರ ನೋಡು. ಅದರಲ್ಲಿ ಉಳಿದವರಿಂದ ಬಹಳ ಮೇಲೆ ನಿಂತ ಒಂದೆರಡು ಇದ್ದರೆ ಅವುಗಳ ಫಾರಂ ಮತ್ತೆ ಬಿಚ್ಚು.

ಪ್ರಬಂಧದ ವಿಧಾನದ ಅಧ್ಯಾಯದಲ್ಲಿ "ದತ್ತಾಂಶವನ್ನು ಶುದ್ಧೀಕರಿಸಲಾಯಿತು" ಎಂಬ ಒಂದು ವಾಕ್ಯ ಬರೆದು ಮುಂದೆ ಹೋಗಬೇಡ, ಅದನ್ನು ನಾನು ಹೊಡೆದುಹಾಕುತ್ತೇನೆ. ಯಾವ ಕಾಲಂನಲ್ಲಿ ಎಷ್ಟು ಖಾಲಿ ಇತ್ತು, ಎಷ್ಟು ಅನ್ವಯಿಸದ್ದು, ಎಷ್ಟು ಫೋನಿನಿಂದ ಸಿಕ್ಕಿತು, ಎಷ್ಟನ್ನು ತುಂಬಲಾಯಿತು, ತುಂಬಲು ಯಾವ ಕಾಲಂಗಳನ್ನು ಬಳಸಲಾಯಿತು, ಎಷ್ಟು ಆದಾಯಗಳನ್ನು ಯಾವ ಕಾರಣಕ್ಕೆ ತಿದ್ದಲಾಯಿತು, ಇವಿಷ್ಟೂ ಒಂದೂವರೆ ಪುಟದಲ್ಲಿ ಬರಲಿ. ಎಕರೆ-ಗುಂಟೆಯ ತಪ್ಪನ್ನೂ ಬಚ್ಚಿಡದೆ ಬರೆ.

ಮೊದಲು ಶಿರಾದ 24 ಫಾರಂಗಳ ಪುಟ ಎಣಿಸಿ ಫೋನ್ ಮಾಡಲು ಶುರು ಮಾಡು, ದಿನ ಕಳೆದಷ್ಟೂ ಜನರ ನೆನಪು ಜಾರುತ್ತದೆ. ಆಮೇಲೆ ಜಮೀನಿನ 61. ಮುಂದಿನ ಮಂಗಳವಾರ ಬರುವಾಗ ಆ ಐದು ಅನುಮಾನದ ಫಾರಂಗಳ ಮೂಲ ಕಾಗದವನ್ನೇ ತಾ, ಸ್ಕ್ಯಾನ್‌ನಲ್ಲಿ ಪೆನ್ಸಿಲ್ ಗುರುತು ಸರಿಯಾಗಿ ಕಾಣುತ್ತಿಲ್ಲ.